ಕಿರಾಣಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಸಹಾಯ ಕೇಂದ್ರ: ಯಾವ ವಿಭಾಗ, ಯಾವ ನಮೂನೆ, ಯಾವ ಹುಡುಕಾಟ?

ಹಾವೇರಿ ಕಡೆಯ ಅಂಗಡಿಯವರೊಬ್ಬರು ಫೋನ್ ಮಾಡಿದ್ದರು. ‘ಮೇಡಂ, ಉದ್ರಿ ಅಂತ ಹೊಡದೆ, ಏನೂ ಬರಲಿಲ್ಲ ನೋಡ್ರಿ’ ಅಂದರು. ಅವರಿಗೆ ಬೇಕಿದ್ದ ಲೇಖನ ನಮ್ಮ ವೆಬ್‌ಸೈಟಿನ ಸಹಾಯ ಕೇಂದ್ರದಲ್ಲಿ ಇತ್ತು. ಅದನ್ನು ಬರೆದವಳು ನಾನೇ. ಆದರೆ ಅದರ ತಲೆಬರಹ ‘ಔಟ್‌ಸ್ಟ್ಯಾಂಡಿಂಗ್ ರಿಪೋರ್ಟ್ ತೆಗೆಯುವ ವಿಧಾನ’. ಒಳಗೆ ಎಲ್ಲೂ ಉದ್ರಿ ಅನ್ನೋ ಮಾತೇ ಇಲ್ಲ. ಹುಡುಕಾಟದ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ನಮ್ಮದು ಚಿಕ್ಕ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಪುಟ್ಟ ಕಂಪನಿ. ಫೋನ್ ಎತ್ತುವುದೂ ಲೇಖನ ಬರೆಯುವುದೂ ಒಂದೇ ತಂಡ. ಸಹಾಯ ಕೇಂದ್ರವನ್ನು ಹೊಸದಾಗಿ ಕಟ್ಟುವಾಗ ಮೂರು ಕಡೆ ಆಯ್ಕೆ ಮಾಡಬೇಕಾಯಿತು: ವಿಭಾಗಗಳು ಹೇಗಿರಬೇಕು, ಲೇಖನದ ನಮೂನೆ ಯಾವುದು, ಹುಡುಕಾಟಕ್ಕೆ ಏನು ಹಾಕಬೇಕು. ಓದುಗರು ಕನ್ನಡದವರಾದರೆ ಮೂರನೆಯದೇ ಕಷ್ಟ. ಅದಕ್ಕೆ ಇಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಏನನ್ನೂ ಕೊಳ್ಳುವ ಮೊದಲು

ಕಳೆದ ತಿಂಗಳ ವಾಟ್ಸಾಪ್ ಸಂದೇಶಗಳನ್ನು ತೆಗೆದು, ಗ್ರಾಹಕರು ಬರೆದ ಹತ್ತು ಪ್ರಶ್ನೆಗಳನ್ನು ಹಾಗೆಯೇ ನಕಲು ಮಾಡಿಕೊಳ್ಳಿ. ಕಾಗುಣಿತ ತಿದ್ದಬೇಡಿ. ನಮ್ಮ ಪಟ್ಟಿಯ ಕೆಲವು ಹೀಗಿದ್ದವು: `udri list`, ‘ಪ್ರಿಂಟರಿಗೆ ಹೋಗ್ತಿಲ್ಲ’, ‘ಪಾಸ್ವರ್ಡ್ ಮರೆತೆ’, ‘ಬಿಲ್ಲು ತಪ್ಪಾಗಿದೆ’, `stock kammi torstide`, ‘ಕನ್ನಡ ಬರ್ತಿಲ್ಲ ಪ್ರಶ್ನೆ ಗುರುತು ಬರ್ತಿದೆ’. ಮುಂದೆ ಹೇಳುವ ಪ್ರತಿ ಆಯ್ಕೆಯನ್ನೂ ಇದೇ ಪಟ್ಟಿ ಹಿಡಿದು ನೋಡಿದೆವು. ಮಾರಾಟದವರು ತೋರಿಸುವ ಡೆಮೊದಲ್ಲಿ ಯಾವಾಗಲೂ `reset password` ಅಂತ ಹುಡುಕಿ ತೋರಿಸುತ್ತಾರೆ. ಅದು ಎಲ್ಲಾ ಕಡೆ ಸಿಗುತ್ತದೆ ಬಿಡಿ.

ವಿಭಾಗ: ಮೆನು ಪ್ರಕಾರವೋ, ಕೆಲಸದ ಪ್ರಕಾರವೋ?

ಸಾಫ್ಟ್‌ವೇರ್ ಮಾಡಿದವರಿಗೆ ಮೊದಲು ಹೊಳೆಯುವುದು ಮೆನು. `Masters`, `Transactions`, `Reports`, `Utilities` ಹೇಗೂ ಇವೆಯಲ್ಲ, ಅವನ್ನೇ ವಿಭಾಗ ಮಾಡಿದರಾಯಿತು. ಇದರಲ್ಲಿ ಒಂದು ನಿಜವಾದ ಅನುಕೂಲ ಇದೆ. ಹೊಸ ಆವೃತ್ತಿಯಲ್ಲಿ ಒಂದು ಪರದೆ ಬದಲಾದರೆ ಯಾವ ಲೇಖನಗಳನ್ನು ತಿದ್ದಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಅಂಗಡಿಯವರಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಹೊಸ ಸೋಪು ಬಂದಿದೆ, ಅದನ್ನು ಸೇರಿಸಬೇಕು. ಅದಕ್ಕೆ ‘ಮಾಸ್ಟರ್’ ಅಂತ ಯಾಕೆ ಹುಡುಕುತ್ತಾರೆ?

ನಾವು ಲೇಖನಗಳ ತಲೆಬರಹಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಪರಿಚಯದ ಕೆಲವು ಅಂಗಡಿಗಳಿಗೆ ಒಯ್ದೆವು. ‘ಒಟ್ಟಿಗೆ ಇರಬೇಕಾದವನ್ನು ಒಂದು ಗುಂಪು ಮಾಡಿ, ಗುಂಪಿಗೆ ನೀವೇ ಹೆಸರು ಕೊಡಿ’ ಅಂದೆವು. ಮಾಲೀಕರು, ಕೌಂಟರಿನ ಹುಡುಗರು, ಲೆಕ್ಕ ಬರೆಯುವವರು ಎಲ್ಲರೂ ಮಾಡಿದರು. ಬಂದ ಹೆಸರುಗಳು: ಬಿಲ್ ಮಾಡೋದು, ತಪ್ಪಾದ ಬಿಲ್ ಸರಿ ಮಾಡೋದು, ಉದ್ರಿ ಮತ್ತು ವಸೂಲಿ, ಸ್ಟಾಕು, ಜಿಎಸ್‌ಟಿ, ಪ್ರಿಂಟರು. ‘ತಪ್ಪಾದ ಬಿಲ್’ ಬೇರೆ ಗುಂಪು ಆಗುತ್ತದೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಮೆನುವಿನಲ್ಲಿ ಅದು ನಾಲ್ಕು ಜಾಗದಲ್ಲಿ ಹರಡಿಕೊಂಡಿದೆ: ರದ್ದು ಒಂದು ಕಡೆ, ಮಾಲು ವಾಪಸು ಇನ್ನೊಂದು ಕಡೆ, ಕ್ರೆಡಿಟ್ ನೋಟ್ ಮತ್ತೊಂದು ಕಡೆ, ತಿದ್ದುಪಡಿ ಎಲ್ಲೋ. ಅಂಗಡಿಯವರಿಗೆ ಅದೆಲ್ಲ ಒಂದೇ ತಲೆನೋವು.

ಮೂರನೇ ದಾರಿಯೂ ಇದೆ. ಮಾಲೀಕರಿಗೆ, ಕೌಂಟರಿಗೆ, ಲೆಕ್ಕದವರಿಗೆ ಅಂತ ಓದುಗರ ಪ್ರಕಾರ ವಿಂಗಡಿಸುವುದು. ಒಬ್ಬೊಬ್ಬರಿಗೆ ಬೇರೆ ಬೇರೆ ಲಾಗಿನ್, ಬೇರೆ ಬೇರೆ ಪರದೆ ಇರುವ ದೊಡ್ಡ ಸಾಫ್ಟ್‌ವೇರ್‌ಗೆ ಇದು ಸರಿ. ಸಣ್ಣ ಅಂಗಡಿಯಲ್ಲಿ ಮೂವರೂ ಒಬ್ಬರೇ.

ನಮ್ಮ ಆಯ್ಕೆ ಕೆಲಸದ ಪ್ರಕಾರವೇ. ಮೆನುವಿನ ಅನುಕೂಲವನ್ನೂ ಬಿಡಲಿಲ್ಲ. ಪ್ರತಿ ಲೇಖನಕ್ಕೆ ಯಾವ ಪರದೆಗೆ ಸೇರಿದ್ದು ಅನ್ನುವ ಒಂದು ಟ್ಯಾಗ್ ಹಾಕಿದೆವು. ಓದುಗರಿಗೆ ಅದು ಕಾಣುವುದಿಲ್ಲ, ತಿದ್ದುವವರಿಗೆ ಮಾತ್ರ. ‘ಇತರೆ’ ಅನ್ನುವ ವಿಭಾಗವನ್ನು ಮಾತ್ರ ಇಡಬೇಡಿ. ಎಲ್ಲಿ ಹಾಕುವುದೋ ಗೊತ್ತಾಗದ ಲೇಖನಗಳೆಲ್ಲ ಅಲ್ಲಿಗೆ ಹೋಗಿ ಬೀಳುತ್ತವೆ. ಅಲ್ಲಿ ಬಿದ್ದದ್ದನ್ನು ಯಾರೂ ಓದುವುದಿಲ್ಲ.

ವಿಭಾಗ ಎಷ್ಟು ಹಂತ ಆಳ ಇರಬಹುದು ಅನ್ನುವುದನ್ನು ಸಾಮಾನ್ಯವಾಗಿ ಸಹಾಯ ಕೇಂದ್ರ ನಡೆಸಲು ನೀವು ಬಾಡಿಗೆಗೆ ಹಿಡಿದ ಸೇವೆಯೇ ಹೇಳುತ್ತದೆ. ಝೆನ್‌ಡೆಸ್ಕ್‌ನಲ್ಲಿ ವಿಭಾಗ, ಅದರೊಳಗೆ ಉಪವಿಭಾಗ, ಅದರೊಳಗೆ ಲೇಖನ. ಫ್ರೆಶ್‌ಡೆಸ್ಕ್‌ನಲ್ಲಿ ಮಧ್ಯದ್ದನ್ನು ಫೋಲ್ಡರ್ ಅನ್ನುತ್ತಾರೆ. ಎರಡು ಹಂತಕ್ಕಿಂತ ಆಳ ಹೋದರೆ ಫೋನಿನಲ್ಲಿ ನೋಡುವವರು ದಾರಿ ತಪ್ಪುತ್ತಾರೆ. ನಮಗೆ ಒಂದೇ ಹಂತ ಸಾಕಾಯಿತು.

ಇಲ್ಲಿ ಇನ್ನೊಂದು ವ್ಯತ್ಯಾಸ ಗಮನಿಸಿ. ಝೆನ್‌ಡೆಸ್ಕ್‌ನಂಥ ಸೇವೆಯಲ್ಲಿ ಲೇಖನದ ವಿಳಾಸದಲ್ಲಿ ಒಂದು ಸಂಖ್ಯೆ ಇರುತ್ತದೆ. ಲೇಖನವನ್ನು ಬೇರೆ ವಿಭಾಗಕ್ಕೆ ಸರಿಸಿದರೂ ಹಳೆ ಕೊಂಡಿ ಕೆಲಸ ಮಾಡುತ್ತದೆ. ಡಾಕ್ಯುಸಾರಸ್, ಎಂಕೆಡಾಕ್ಸ್‌ನಂಥ ಸಾಧನದಲ್ಲಿ ನೀವೇ ಪುಟಗಳನ್ನು ಕಟ್ಟುವುದಾದರೆ ಸಾಮಾನ್ಯವಾಗಿ ಫೋಲ್ಡರಿನ ಹೆಸರೇ ವಿಳಾಸ ಆಗುತ್ತದೆ. ಲೇಖನ ಸರಿಸಿದರೆ, ಗ್ರಾಹಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಹಳೆ ಕೊಂಡಿಗಳೆಲ್ಲ ಸತ್ತ ಹಾಗೆ. ಅದಕ್ಕೆ ಎಲ್ಲಾ ಲೇಖನಗಳನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು, ವಿಭಾಗವನ್ನು ಪುಟದ ಮೇಲಿನ ಒಂದು ಸಾಲಿನಲ್ಲಿ ಬರೆಯುವುದು ಒಳ್ಳೆಯದು.

ನಮೂನೆ: ಒಂದೋ, ಎರಡೋ, ನಾಲ್ಕೋ?

ನಮೂನೆಯೇ ಇಲ್ಲದೆ ಬರೆದರೆ ಏನಾಗುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು. ಒಬ್ಬರು ‘ಆತ್ಮೀಯ ಗ್ರಾಹಕರೇ’ ಅಂತ ಶುರು ಮಾಡುತ್ತಾರೆ. ಇನ್ನೊಬ್ಬರು ಹನ್ನೊಂದು ಪರದೆ ಚಿತ್ರ ಹಾಕಿ ಒಂದು ಮಾತೂ ಬರೆಯುವುದಿಲ್ಲ.

ದಸ್ತಾವೇಜು ಬರೆಯುವವರಲ್ಲಿ ಹೆಸರಾದ ಎರಡು ಪದ್ಧತಿಗಳಿವೆ. ಒಂದು ಡೇನಿಯಲೆ ಪ್ರೋಚಿಡಾ ಅವರ ಡಯಾಟಾಕ್ಸಿಸ್. ಅದರಲ್ಲಿ ಬರಹಗಳು ನಾಲ್ಕು ಬಗೆ: ಕೈ ಹಿಡಿದು ಕಲಿಸುವುದು, ಒಂದು ಕೆಲಸ ಮಾಡುವ ವಿಧಾನ, ಮಾಹಿತಿಯ ಪಟ್ಟಿ, ವಿವರಣೆ. ಇನ್ನೊಂದು ಸಹಾಯದ ಫೋನ್ ಎತ್ತುವವರಿಂದಲೇ ಬೆಳೆದ ಕೆಸಿಎಸ್. ಇದನ್ನು ಕಟ್ಟುವ ಕೆಲಸ 1992ರಲ್ಲಿ ಶುರುವಾಯಿತು. ಇದರಲ್ಲಿ ಲೇಖನ ಅಂದರೆ ಏನು ತೊಂದರೆ, ಯಾವ ಸಂದರ್ಭದಲ್ಲಿ, ಪರಿಹಾರ ಏನು, ಕಾರಣ ಏನು. ತೊಂದರೆಯನ್ನು ಗ್ರಾಹಕರ ಬಾಯಿಮಾತಿನಲ್ಲೇ ಬರೆದಿಡಬೇಕು ಅನ್ನುವುದು ಇದರ ಮುಖ್ಯ ಮಾತು.

ಡೆವಲಪರ್‌ಗಳು ಓದುವ ದಸ್ತಾವೇಜಿಗೆ ಡಯಾಟಾಕ್ಸಿಸ್ ಚೆನ್ನಾಗಿ ಹೊಂದುತ್ತದೆ. ಬಿಲ್ ಬರೆಯುತ್ತಾ, ಎದುರಿಗೆ ಗಿರಾಕಿ ನಿಂತಿರುವಾಗ ನೋಡುವವರಿಗೆ ‘ವಿವರಣೆ’ ಬೇಡ. ನಾವು ಎರಡೇ ನಮೂನೆ ಇಟ್ಟುಕೊಂಡೆವು. ‘ಹೇಗೆ ಮಾಡೋದು’ ಒಂದು, ‘ಯಾಕೋ ಆಗ್ತಿಲ್ಲ’ ಇನ್ನೊಂದು. ಎರಡನೆಯದು ಪೂರಾ ಕೆಸಿಎಸ್‌ನಿಂದ ಎತ್ತಿಕೊಂಡದ್ದು. ಒಂದು ಲೇಖನವನ್ನೇ ತೋರಿಸುತ್ತೇನೆ.

> ಬಿಲ್ಲಿನಲ್ಲಿ ಕನ್ನಡ ಹೆಸರಿನ ಬದಲು ???? ಬರುತ್ತಿದೆ
>
> ಏನು ಕಾಣುತ್ತದೆ: ಪರದೆಯಲ್ಲಿ ‘ತೊಗರಿ ಬೇಳೆ’ ಸರಿಯಾಗಿ ಕಾಣುತ್ತದೆ. ಪ್ರಿಂಟ್ ಆದ ಬಿಲ್ಲಿನಲ್ಲಿ ಮಾತ್ರ ಪ್ರಶ್ನೆ ಗುರುತು ಅಥವಾ ವಿಚಿತ್ರ ಅಕ್ಷರ. ಇಂಗ್ಲಿಷ್ ಮತ್ತು ಅಂಕಿ ಸರಿ ಇರುತ್ತವೆ. ₹ ಗುರುತೂ ಹೋಗಿರಬಹುದು.
>
> ಎಲ್ಲಿ: 58 ಅಥವಾ 80 ಮಿ.ಮೀ. ರೋಲಿನ ಥರ್ಮಲ್ ಪ್ರಿಂಟರ್. ಎ4 ಪ್ರಿಂಟರ್‌ನಲ್ಲಿ ಹೀಗಾಗುವುದಿಲ್ಲ.
>
> ಏನು ಮಾಡಬೇಕು: `Settings > Printer` ತೆರೆಯಿರಿ. `Print Mode` ಎದುರು `Text` ಇರುತ್ತದೆ, ಅದನ್ನು `Graphic` ಮಾಡಿ. ರೋಲಿನ ಅಗಲ ಆರಿಸಿ. `Save` ಒತ್ತಿ. ಒಂದೇ ಐಟಂ ಹಾಕಿ ಒಂದು ಬಿಲ್ ತೆಗೆದು ನೋಡಿ. ಬಲಗಡೆ ಮೊತ್ತ ಕತ್ತರಿಸಿ ಬಂದರೆ 58ರ ಪ್ರಿಂಟರಿಗೆ 80 ಆರಿಸಿದ್ದೀರಿ ಎಂದರ್ಥ.
>
> ಯಾಕೆ ಹೀಗೆ: `Text` ಇದ್ದಾಗ ಪ್ರಿಂಟರ್ ತನ್ನೊಳಗಿನ ಅಕ್ಷರಗಳನ್ನೇ ಬಳಸುತ್ತದೆ. ಅದರಲ್ಲಿ ಕನ್ನಡ ಇಲ್ಲ. `Graphic` ಮಾಡಿದರೆ ಬಿಲ್ಲನ್ನು ಚಿತ್ರವಾಗಿ ಕಳಿಸುತ್ತೇವೆ. ಪ್ರಿಂಟ್ ಸ್ವಲ್ಪ ನಿಧಾನ ಆಗುತ್ತದೆ.
>
> ಜನ ಹೀಗೂ ಹೇಳುತ್ತಾರೆ: ಪ್ರಶ್ನೆ ಗುರುತು ಬರ್ತಿದೆ, ಕನ್ನಡ ಬರ್ತಿಲ್ಲ, ಕನ್ನಡ ಪ್ರಿಂಟ್ ಆಗ್ತಿಲ್ಲ, `kannada print bartilla`, `question mark`, ರೂಪಾಯಿ ಚಿಹ್ನೆ

ಕಾರಣವನ್ನು ಪರಿಹಾರದ ಕೆಳಗೆ ಇಟ್ಟಿದ್ದೇವೆ ನೋಡಿ. ಬರೆಯುವವರಿಗೆ ಮೊದಲು ಕಾರಣ ಹೇಳುವ ಆಸೆ. ಓದುವವರು ಅಲ್ಲಿಯವರೆಗೆ ಕಾಯುವುದಿಲ್ಲ. ಬಟನ್‌ಗಳ ಹೆಸರನ್ನು ಪರದೆಯಲ್ಲಿ ಇರುವ ಹಾಗೆಯೇ ಇಂಗ್ಲಿಷಿನಲ್ಲಿ ಬಿಟ್ಟಿದ್ದೇವೆ. ಮೊದಲು ‘ಉಳಿಸು ಒತ್ತಿ’ ಅಂತ ಬರೆದಿದ್ದೆವು. ಅಂಥ ಬಟನ್ನೇ ಇಲ್ಲವಲ್ಲ ಅಂತ ಫೋನ್ ಬಂತು, ನ್ಯಾಯವಾಗಿಯೇ.

ಕೊನೆಯ ಸಾಲು, ‘ಜನ ಹೀಗೂ ಹೇಳುತ್ತಾರೆ’, ಯಾವ ಪದ್ಧತಿಯ ಸಿದ್ಧ ನಮೂನೆಯಲ್ಲೂ ಹೀಗೆ ಬೇರೆ ಸಾಲಾಗಿ ಇರಲಿಲ್ಲ. ನಾವು ಸೇರಿಸಿಕೊಂಡದ್ದು. ಅದು ಯಾಕೆ ಅನ್ನುವುದು ಹುಡುಕಾಟದ ಭಾಗದಲ್ಲಿ ಬರುತ್ತದೆ.

ನಮೂನೆಯಲ್ಲಿ ಇನ್ನೊಂದು ನಿಯಮ ನಮಗೆ ತಡವಾಗಿ ಬಂದದ್ದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. 12 ಮತ್ತು 28ರ ಹಂತಗಳು ಬಹುಪಾಲು ಹೋಗಿ 5 ಮತ್ತು 18 ಮುಖ್ಯ ಆದವು. ನಮ್ಮ ‘ಹೇಗೆ ಮಾಡೋದು’ ಲೇಖನಗಳಲ್ಲಿ ಉದಾಹರಣೆಗೆ ಅಂತ ಅಲ್ಲಲ್ಲಿ 12% ಹಾಕಿದ್ದೆವು. ಎಲ್ಲಿ ಎಲ್ಲಿ ಅಂತ ಹುಡುಕುವುದೇ ಒಂದು ಕೆಲಸ ಆಯಿತು. ಈಗ ಕಾಲಕ್ಕೆ ಬದಲಾಗುವ ಸಂಖ್ಯೆ ಒಂದೇ ಒಂದು ಲೇಖನದಲ್ಲಿ ಇರುತ್ತದೆ, ಉಳಿದವು ಅದಕ್ಕೆ ಕೊಂಡಿ ಕೊಡುತ್ತವೆ.

ಹುಡುಕಾಟ: ಕನ್ನಡ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಸೇವೆಗಳನ್ನು ಹೋಲಿಸುವ ಮೊದಲು ತೊಂದರೆ ಏನು ಅಂತ ತಿಳಿದಿರಬೇಕು. ಇಲ್ಲದಿದ್ದರೆ ‘ಕನ್ನಡ ಸಪೋರ್ಟ್ ಇದೆ’ ಅನ್ನುವ ಮಾತಿಗೆ ಮರುಳಾಗುತ್ತೀರಿ. ಕನ್ನಡ ಪರದೆಯಲ್ಲಿ ಸರಿಯಾಗಿ ಕಾಣುವುದಕ್ಕೂ ಸರಿಯಾಗಿ ಹುಡುಕುವುದಕ್ಕೂ ಸಂಬಂಧ ಇಲ್ಲ.

ಮೊದಲನೆಯದು ಪದವನ್ನು ತುಂಡು ಮಾಡುವ ರೀತಿ. ಹುಡುಕಾಟದ ಸಾಧನ ಮೊದಲು ವಾಕ್ಯವನ್ನು ಪದಗಳಾಗಿ ಒಡೆಯುತ್ತದೆ. ಇಂಗ್ಲಿಷಿಗಾಗಿ ಬರೆದ ಕೆಲವು ಸಾಧನಗಳಿಗೆ ನಮ್ಮ ಗುಣಿತದ ಚಿಹ್ನೆಗಳು ಅಕ್ಷರವೇ ಅಲ್ಲ. ಪೈಥಾನ್‌ನಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು:

```python
import re
re.findall(r"\w+", "ಬಿಲ್ಲು")
# ['ಬ', 'ಲ', 'ಲ']
```

ಗುಡಿಸು, ಕೊಂಬು, ಒತ್ತು ಎಲ್ಲಾ ಹಾರಿ ಹೋದವು. ಇಂಥ ಸಾಧನದಲ್ಲಿ ‘ಬಿಲ್ಲು’ ಹುಡುಕಿದರೆ ‘ಬ’ ಮತ್ತು ‘ಲ’ ಇರುವ ಯಾವುದೋ ಲೇಖನ ಬರಬಹುದು. ಜಾವಾಸ್ಕ್ರಿಪ್ಟ್‌ನ `\w` ಇನ್ನೂ ಕಠಿಣ, ಅದಕ್ಕೆ ಕನ್ನಡದ ಒಂದು ಅಕ್ಷರವೂ ಲೆಕ್ಕಕ್ಕಿಲ್ಲ. ಬ್ರೌಸರ್‌ನಲ್ಲೇ ಓಡುವ ಲೂನರ್ ಅನ್ನುವ ಹಳೆಯ, ಜನಪ್ರಿಯ ಹುಡುಕಾಟದ ಮೂಲ ರೂಪ ಪದದ ಎರಡು ತುದಿಗಳನ್ನು ಇದೇ ನಿಯಮದಿಂದ ಕತ್ತರಿಸುತ್ತದೆ. ಹಾಗಾಗಿ ಕನ್ನಡ ಪದ ಪೂರ್ತಿ ಮಾಯ. ಬೇರೆ ಭಾಷೆಗಳಿಗೆ ಅಂತ ಇರುವ ಸೇರ್ಪಡೆ ಹಾಕದೆ ಅದನ್ನು ಬಳಸಬೇಡಿ. ಈ ದೋಷ ಕಂಡುಹಿಡಿಯುವುದು ಸುಲಭ. ಒಂದೇ ಲೇಖನದಲ್ಲಿರುವ ಅಪರೂಪದ ಕನ್ನಡ ಪದವೊಂದನ್ನು ಹುಡುಕಿ. ಒಂದೂ ಬಾರದಿದ್ದರೆ ಅಥವಾ ಇಪ್ಪತ್ತು ಬಂದರೆ, ಇಲ್ಲೇ ತೊಂದರೆ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ‘ಪಾಸ್‌ವರ್ಡ್’ ಅಂತ ಸ ಕೆಳಗೆ ವ ಒತ್ತು ಬಾರದ ಹಾಗೆ ಬರೆಯಲು ಮಧ್ಯೆ `U+200C` ಅನ್ನುವ ಅದೃಶ್ಯ ಗುರುತು ಹಾಕುತ್ತೇವೆ. ಬರೆಯುವ ನಾವು ಹಾಕುತ್ತೇವೆ, ಫೋನಿನಲ್ಲಿ ಹುಡುಕುವವರು ಹಾಕುವುದಿಲ್ಲ. ಅವರದ್ದು ‘ಪಾಸ್ವರ್ಡ್’. ಮನುಷ್ಯರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನಮ್ಮ ಸಾಫ್ಟ್‌ವೇರ್ ಲೋಕದ ಮಾತುಗಳೆಲ್ಲ ಇಂಥವೇ ಅಲ್ವಾ: ಸಾಫ್ಟ್‌ವೇರ್, ಡೌನ್‌ಲೋಡ್, ಜಿಎಸ್‌ಟಿ. ಇದರ ಜೊತೆಗೆ ‘ೋ’ ಥರದ ಗುಣಿತವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು.

ಮೂರನೆಯದು ವಿಭಕ್ತಿ. ಪ್ರಿಂಟರ್, ಪ್ರಿಂಟರಿಗೆ, ಪ್ರಿಂಟರಿನಲ್ಲಿ, ಪ್ರಿಂಟರನ್ನು. ಇಂಗ್ಲಿಷಿಗೆ ಬಾಲ ಕತ್ತರಿಸಿ ಮೂಲ ಪದ ತೆಗೆಯುವ ಸಿದ್ಧ ಪ್ರೋಗ್ರಾಂ ಎಲ್ಲಾ ಕಡೆ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಹೊಸ ಆವೃತ್ತಿಗಳಲ್ಲಿ ಹಿಂದಿಗೆ ಮತ್ತು ತಮಿಳಿಗೆ ಇದೆ. ಕನ್ನಡಕ್ಕೆ ಇಲ್ಲ.

ಆದರೆ ಕನ್ನಡದಲ್ಲಿ ಒಂದು ಪುಣ್ಯ ಇದೆ. ಬಾಲ ಯಾವಾಗಲೂ ಕೊನೆಗೆ ಅಂಟುತ್ತದೆ. ಪದದ ಮೊದಲ ಭಾಗ ಹೊಂದಿದರೆ ಸಾಕು ಅನ್ನುವ ಹುಡುಕಾಟ ಇದ್ದರೆ ಅರ್ಧ ಕೆಲಸ ಆದ ಹಾಗೆ. ‘ಬಿಲ್’ ಹುಡುಕಿದರೆ ‘ಬಿಲ್ಲನ್ನು’, ‘ಬಿಲ್ಲಿಗೆ’ ಸಿಗುತ್ತವೆ. ‘ಪ್ರಿಂಟರ್’ ಹುಡುಕಿದರೆ ಮಾತ್ರ ‘ಪ್ರಿಂಟರಿಗೆ’ ಸಿಗುವುದಿಲ್ಲ, ಯಾಕೆಂದರೆ ಕೊನೆಯ ‘ರ್’ ಬಾಲ ಬಂದಾಗ ‘ರಿ’ ಆಗಿಬಿಡುತ್ತದೆ. ಮದ್ದು ಚಿಕ್ಕದು. ಪದದ ಕೊನೆಯಲ್ಲಿರುವ ‘್’ ಚಿಹ್ನೆ, ಅಂದರೆ ವಿರಾಮ, ತೆಗೆದು ‘ಪ್ರಿಂಟರ’ ಅಂತ ಹುಡುಕಬೇಕು. ತುಂಡು ಗುಣಿತ ಒಂದಾಗಿಸುವುದು, ಅದೃಶ್ಯ ಗುರುತು ತೆಗೆಯುವುದು, ಕೊನೆಯ ವಿರಾಮ ತೆಗೆಯುವುದು, ಈ ಮೂರೂ ಶುದ್ಧಿಯನ್ನು ಒಂದೇ ಕಡೆ ಮಾಡಬಹುದು:

```js
function shuddha(s) {
  return s.normalize("NFC")
    .replace(/[\u200C\u200D]/g, "")
    .replace(/\u0CCD(?=\s|$)/g, "")
    .toLowerCase().trim();
}
```

ಇದನ್ನು ಹುಡುಕುವ ಪದಕ್ಕೂ, ಲೇಖನವನ್ನು ಹುಡುಕಾಟಕ್ಕೆ ಸೇರಿಸುವಾಗ ಅದರ ಪಠ್ಯಕ್ಕೂ ಹಚ್ಚಬೇಕು. ಒಂದೇ ಕಡೆ ಹಚ್ಚಿದರೆ ಇದ್ದ ಹೊಂದಾಣಿಕೆಯೂ ಕೆಡುತ್ತದೆ. ಗ್ರಾಹಕರೇ ‘ಪ್ರಿಂಟರಿಗೆ’ ಅಂತ ಹೊಡೆದು, ಲೇಖನದಲ್ಲಿ ಬರೀ ‘ಪ್ರಿಂಟರ್’ ಇದ್ದರೆ ಇದು ಸಹಾಯ ಮಾಡುವುದಿಲ್ಲ. ‘ಬರು’ ಹೋಗಿ ‘ಬಂದಿಲ್ಲ’ ಆದಾಗಲೂ ಅಷ್ಟೇ. ಉದ್ರಿ, ಬಾಕಿ, ಕಡ ಇವೆಲ್ಲ ಒಂದೇ ಅಂತ ಯಾವ ಬಾಲ ಕತ್ತರಿಸುವ ಪ್ರೋಗ್ರಾಂ ಬಂದರೂ ಹೇಳುವುದಿಲ್ಲ. ಅಲ್ಲಿ ಆ ‘ಜನ ಹೀಗೂ ಹೇಳುತ್ತಾರೆ’ ಸಾಲೇ ಗತಿ. ಅದರಲ್ಲಿ `udri`, `udari`, `baki` ಅಂತ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಫೋನಿನಲ್ಲಿ ಕನ್ನಡ ಕೀಲಿಮಣೆ ಬಳಸದವರು ಬಹಳ ಜನ.

ಮೂರು ಹುಡುಕಾಟಗಳ ಹೋಲಿಕೆ

*ಬಾಡಿಗೆ ಸೇವೆಯ ಹುಡುಕಾಟ.* ಝೆನ್‌ಡೆಸ್ಕ್, ಫ್ರೆಶ್‌ಡೆಸ್ಕ್, ಝೋಹೋ ಡೆಸ್ಕ್ ಇಂಥವು. ವಿಭಾಗ, ಲೇಖನ, ಹುಡುಕಾಟ, ಟಿಕೆಟ್ ಎಲ್ಲಾ ಒಟ್ಟಿಗೆ ಬರುತ್ತವೆ. ಹಣ ಸಾಮಾನ್ಯವಾಗಿ ತಿಂಗಳಿಗೆ, ಉತ್ತರ ಕೊಡುವ ಒಬ್ಬೊಬ್ಬರಿಗೆ ಇಷ್ಟು ಅಂತ. ಒಳಗಿನ ಹುಡುಕಾಟವನ್ನು ನೀವು ತಿದ್ದಲಾಗುವುದಿಲ್ಲ. ಮೇಲಿನ ಶುದ್ಧಿ ಪ್ರೋಗ್ರಾಂ ಹಾಕುವ ಜಾಗವೇ ಇಲ್ಲ. ಹಾಗಾಗಿ ಪ್ರಾಯೋಗಿಕ ಅವಧಿಯಲ್ಲಿ ಐದು ಲೇಖನ ಹಾಕಿ, ಆ ಹತ್ತು ಪ್ರಶ್ನೆ ಹೊಡೆದು ನೋಡದೆ ಹಣ ಕಟ್ಟಬೇಡಿ. ಕೆಲಸ ಸಾಲದಿದ್ದರೆ ಉಳಿಯುವ ದಾರಿ ಲೇಖನದೊಳಗೆ ಆ ಸಾಲು ಬರೆಯುವುದು, ಮತ್ತು ಇದ್ದರೆ ಲೇಬಲ್ ಹಾಕುವುದು. ಇವುಗಳ ದೊಡ್ಡ ಲಾಭ ಬೇರೆ ಇದೆ. ಜನ ಏನು ಹುಡುಕಿದರು, ಯಾವುದಕ್ಕೆ ಏನೂ ಸಿಗಲಿಲ್ಲ ಅನ್ನುವ ವರದಿ. ಅದು ನಿಮ್ಮ ಪ್ಲಾನ್‌ನಲ್ಲಿ ಇದೆಯೋ ಇಲ್ಲವೋ ಕೇಳಿಕೊಳ್ಳಿ. ಪುಟದ ಬಟನ್‌ಗಳು ಕನ್ನಡದಲ್ಲಿ ಬರುತ್ತವೆಯೇ ಅನ್ನುವುದನ್ನೂ ಕೇಳಿ. ಲೇಖನ ಕನ್ನಡ, ಸುತ್ತಲಿನದ್ದೆಲ್ಲ ಇಂಗ್ಲಿಷ್ ಆಗಿಬಿಡಬಹುದು.

*ಪೇಜ್‌ಫೈಂಡ್.* ಪುಟಗಳನ್ನು ನೀವೇ ಕಟ್ಟುವುದಾದರೆ ಇದು. ಪುಟಗಳು ತಯಾರಾದ ಮೇಲೆ ಒಂದು ಆಜ್ಞೆ ಕೊಟ್ಟರೆ ಅದು ಎಲ್ಲವನ್ನೂ ಓದಿ ಹುಡುಕಾಟದ ಪಟ್ಟಿ ಮಾಡುತ್ತದೆ. ಪಟ್ಟಿ ಚೂರು ಚೂರಾಗಿರುತ್ತದೆ, ಬ್ರೌಸರ್ ತನಗೆ ಬೇಕಾದ ಚೂರನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಸರ್ವರ್ ಬೇಡ, ತಿಂಗಳ ಹಣ ಬೇಡ. ನಿಧಾನದ ನೆಟ್‌ವರ್ಕ್‌ನ ಊರುಗಳಿಗೂ ಪರವಾಗಿಲ್ಲ.

ಇದರಲ್ಲಿ ನಮ್ಮಂಥವರು ಬೀಳುವ ಹಳ್ಳ ಒಂದಿದೆ. ಅದು ಪುಟದ `lang` ನೋಡಿ ಭಾಷೆಗೊಂದು ಪಟ್ಟಿ ಮಾಡುತ್ತದೆ. ಕನ್ನಡ ಪುಟದಲ್ಲಿ ನಿಂತು ಹುಡುಕಿದರೆ ಕನ್ನಡ ಪಟ್ಟಿ ಮಾತ್ರ. ಅರ್ಧ ಲೇಖನ ಇಂಗ್ಲಿಷಿನಲ್ಲೇ ಇರುವ ಸಹಾಯ ಕೇಂದ್ರದಲ್ಲಿ ಅವು ಕನ್ನಡ ಪುಟದಿಂದ ಸಿಗುವುದೇ ಇಲ್ಲ. ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಲು ಹೀಗೆ ಮಾಡಬೇಕು:

```
npx pagefind --site public --force-language kn
```

ಇದಕ್ಕೆ ಬೆಲೆಯೂ ಇದೆ. ಇಂಗ್ಲಿಷ್ ಪದಗಳ ಬಾಲ ಕತ್ತರಿಸುವುದು ನಿಂತುಹೋಗುತ್ತದೆ. ನಮಗೆ ಅದು ದೊಡ್ಡ ನಷ್ಟ ಅನ್ನಿಸಲಿಲ್ಲ. ಹುಡುಕುವ ಪದವನ್ನು ಶುದ್ಧ ಮಾಡಲು ಇದರ ಸಿದ್ಧ ಹುಡುಕು ಪೆಟ್ಟಿಗೆಯಲ್ಲಿ `processTerm` ಅನ್ನುವ ಜಾಗ ಇದೆ. ಪಠ್ಯದ ಕಡೆಗೆ, ಶುದ್ಧ ಮಾಡಿದ ರೂಪಗಳನ್ನು ಪುಟದಲ್ಲೇ ಸೇರಿಸಬೇಕು. ನಾವು ಪುಟ ತಯಾರಾಗುವಾಗಲೇ ಅವನ್ನು ‘ಜನ ಹೀಗೂ ಹೇಳುತ್ತಾರೆ’ ಸಾಲಿಗೆ ಹಾಕುತ್ತೇವೆ. ಇನ್ನೊಂದು ಕೊರತೆ: ಎಲ್ಲಾ ಬ್ರೌಸರ್‌ನಲ್ಲೇ ನಡೆಯುವುದರಿಂದ ಯಾರು ಏನು ಹುಡುಕಿದರು ಅಂತ ನಿಮಗೆ ಗೊತ್ತಾಗುವುದಿಲ್ಲ. ಸಿಗದ ಪದಗಳನ್ನು ಒಂದು ಕಡೆಗೆ ಕಳಿಸುವ ಕೆಲಸ ನೀವೇ ಬರೆದುಕೊಳ್ಳಬೇಕು. ಬರೆಯದಿದ್ದರೆ ‘ಉದ್ರಿ’ಯ ಕಥೆ ಫೋನಿನಲ್ಲೇ ತಿಳಿಯಬೇಕು.

*ಸ್ವಂತ ಹುಡುಕಾಟದ ಸರ್ವರ್.* ಮೀಲಿಸರ್ಚ್, ಟೈಪ್‌ಸೆನ್ಸ್ ಈ ಸಾಲಿನವು. ಪಠ್ಯವನ್ನೂ ಪದವನ್ನೂ ಶುದ್ಧ ಮಾಡುವುದು ಪೂರ್ತಿ ನಿಮ್ಮ ಕೈಯಲ್ಲಿ. ಹೊಡೆಯುತ್ತಿರುವಾಗಲೇ ಫಲಿತಾಂಶ ಬರುತ್ತದೆ, ಸಮಾನಪದಗಳನ್ನು ಒಂದೇ ಕಡೆ ಇಡಬಹುದು:

```json
{
  "ಉದ್ರಿ": ["ಬಾಕಿ", "outstanding"],
  "ಬಾಕಿ": ["ಉದ್ರಿ", "outstanding"],
  "outstanding": ["ಉದ್ರಿ", "ಬಾಕಿ"]
}
```

ಮೀಲಿಸರ್ಚ್‌ನಲ್ಲಿ ಸಮಾನಪದ ಒಂದೇ ದಿಕ್ಕಿನದು. ಹಾಗಾಗಿ ಎರಡೂ ಕಡೆಯಿಂದ ಬರೆಯಬೇಕು.

ಇದರ ತಪ್ಪು ಕ್ಷಮಿಸುವ ಗುಣ ಇಂಗ್ಲಿಷಿನಲ್ಲಿ ವರ, ಕನ್ನಡದಲ್ಲಿ ಕೆಲವೊಮ್ಮೆ ತಮಾಷೆ. ಬದಲಾಯಿಸದೆ ಬಿಟ್ಟರೆ ಐದು ಅಕ್ಷರದ ಪದಕ್ಕೆ ಒಂದು ತಪ್ಪು, ಒಂಬತ್ತಕ್ಕೆ ಎರಡು ತಪ್ಪು ಮನ್ನಿಸುತ್ತದೆ. ಆದರೆ ಅದು ಎಣಿಸುವುದು ನಾವು ಎಣಿಸುವ ಅಕ್ಷರ ಅಲ್ಲ. ನಮಗೆ ‘ಬಿಲ್ಲ’ ಎರಡು ಅಕ್ಷರ. ಅದಕ್ಕೆ ಐದು: ಬ, ಗುಡಿಸು, ಲ, ವಿರಾಮ, ಲ. ‘ಬೆಲ್ಲ’ವೂ ಐದು, ವ್ಯತ್ಯಾಸ ಒಂದೇ. ಹಾಗಾಗಿ ‘ಬಿಲ್ಲಿಗೆ’ ಅಂತ ಹೊಡೆಯುವ ದಾರಿಯಲ್ಲಿ, ಬೆಲ್ಲದ ಉದಾಹರಣೆ ಇರುವ ಸ್ಟಾಕಿನ ಲೇಖನವೂ ಬಂದು ಕೂರಬಹುದು. ಕಿರಾಣಿ ಸಾಫ್ಟ್‌ವೇರ್‌ನಲ್ಲಿ ಬೆಲ್ಲ ಇಲ್ಲದೆ ಇರುತ್ತದೆಯೇ? `minWordSizeForTypos` ಒಳಗಿನ `oneTypo` ಅನ್ನು 5ರಿಂದ 8ಕ್ಕೆ ಏರಿಸಿದರೆ ಇಂಥವು ಕಡಿಮೆಯಾಗುತ್ತವೆ.

ಖರ್ಚು ಸರ್ವರ್‌ನದ್ದು ಅಷ್ಟೇ ಅಲ್ಲ. ಅದು ರಾತ್ರಿ ಬಿದ್ದರೆ ಎಬ್ಬಿಸುವವರು ಬೇಕು, ಆವೃತ್ತಿ ಬದಲಾದಾಗ ಡೇಟಾ ಸಾಗಿಸುವವರು ಬೇಕು.

ಯಾವುದೇ ಆರಿಸಿ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಕೈಪಿಡಿ ಇದ್ದರೆ ಅದನ್ನು ಮೊದಲು ಯುನಿಕೋಡ್‌ಗೆ ಬದಲಾಯಿಸಿ. ಯುನಿಕೋಡ್ ಅಲ್ಲದ ಆ ಫೈಲುಗಳಲ್ಲಿ ಪರದೆಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಾವ ಹುಡುಕಾಟಕ್ಕೂ ಅದು ಸಿಗುವುದಿಲ್ಲ.

ಯಾರಿಗೆ ಯಾವುದು

ತಂಡದಲ್ಲಿ ಪ್ರೋಗ್ರಾಂ ಬರೆಯುವವರು ಸಹಾಯ ಕೇಂದ್ರಕ್ಕೆ ಸಮಯ ಕೊಡುವುದಿಲ್ಲ, ಟಿಕೆಟ್ ವ್ಯವಸ್ಥೆಯೂ ಬೇಕು ಅಂದರೆ ಬಾಡಿಗೆ ಸೇವೆಯೇ ಸರಿ. ಹುಡುಕಾಟ ಸುಮಾರಾಗಿದ್ದರೂ ಸಿಗದ ಪದಗಳ ವರದಿ ನೋಡಿ ವಾರಕ್ಕೊಮ್ಮೆ ಲೇಖನಗಳಿಗೆ ಪದ ಸೇರಿಸುತ್ತಾ ಹೋಗಬಹುದು. ನಾವು ಆರಿಸಿದ್ದು ಪೇಜ್‌ಫೈಂಡ್. ಸಿಗದ ಪದಗಳನ್ನು ಒಂದು ಶೀಟ್‌ಗೆ ಕಳಿಸುತ್ತೇವೆ, ಸೋಮವಾರ ಬೆಳಿಗ್ಗೆ ನಾನು ಅದನ್ನು ತೆರೆಯುತ್ತೇನೆ. ಸ್ವಂತ ಸರ್ವರ್ ನಮಗೆ ಅತಿ ಆಗುತ್ತಿತ್ತು. ಸಾವಿರಾರು ಲೇಖನ ಇದ್ದು, ಸಾಫ್ಟ್‌ವೇರ್ ಒಳಗಿಂದಲೇ ಹುಡುಕುವ ಪೆಟ್ಟಿಗೆ ಕೊಡುವವರಿಗೆ ಅದು ಬೇಕಾಗುತ್ತದೆ.

ನಿಮ್ಮ ಹತ್ತಿರ ಮೂವತ್ತು ಲೇಖನ ಕೂಡ ಇಲ್ಲದಿದ್ದರೆ ಸದ್ಯಕ್ಕೆ ಮೂರೂ ಬೇಡ. ಎಲ್ಲಾ ತಲೆಬರಹಗಳನ್ನೂ, ಅವುಗಳ ಕೆಳಗೆ ಜನರ ಮಾತಿನ ಸಾಲನ್ನೂ ಒಂದೇ ಪುಟದಲ್ಲಿ ಹಾಕಿ. ಬ್ರೌಸರ್‌ನ `Ctrl+F` ಪದದ ಮಧ್ಯದಲ್ಲಿದ್ದರೂ ಹುಡುಕಿ ಕೊಡುತ್ತದೆ. ಫೋನಿನವರು ಬೆರಳಿನಲ್ಲಿ ಎರಡು ಸಲ ಸರಿಸಿದರೆ ಪುಟ ಮುಗಿಯುತ್ತದೆ.